ಮಠ ‘ಮರ’ ಆಗದಂತೆ: ಹಳೆಯ ಪೋಸ್ಟರನ್ನು ತಿದ್ದಿ, ದೊಡ್ಡದು ಮಾಡಿ, ಪ್ರಿಂಟಿಗೆ ಕಳಿಸುವ ಬಗೆ

ಜಾತ್ರೆ ಹತ್ತಿರ ಬಂದಾಗ ಕಲಬುರಗಿಯ ಡಿಟಿಪಿ ಅಂಗಡಿಗಳಿಗೆ ಬರುವ ಕೆಲಸ ಹೆಚ್ಚುಕಡಿಮೆ ಒಂದೇ ಥರದ್ದು. ವಾಟ್ಸಾಪಿನಲ್ಲಿ ಹೋದ ವರ್ಷದ ಕರಪತ್ರದ ಫೋಟೊ ಬರುತ್ತದೆ, ಹಿಂದೆಯೇ ಒಂದು ಮಾತು: ‘ಇದೇ ಅದರೀ, ಬರೇ ತಾರೀಖ ಚೇಂಜ್ ಮಾಡಿ ದೊಡ್ಡದು ಮಾಡಿಕೊಡ್ರಿ.’ ಮೂಲ ಫೈಲ್ ಯಾರ ಹತ್ತಿರವೂ ಇರುವುದಿಲ್ಲ. ಹಳೆಯ ತಾರೀಖು ಅಳಿಸಿ, ಹೊಸದನ್ನು ಟೈಪ್ ಮಾಡಿ, ಕೊನೆಗೆ ಪೂರ್ತಿ ಚಿತ್ರವನ್ನು ಹಿಗ್ಗಿಸಿ ಪ್ರೆಸ್ಸಿಗೆ ಕಳಿಸುತ್ತಾರೆ. ಸ್ಕ್ರೀನಿನಲ್ಲಿ ಚೆನ್ನಾಗಿಯೇ ಇದ್ದದ್ದು ಕಾಗದದ ಮೇಲೆ ಮಂಜು ಕವಿದಂತೆ ಬರುತ್ತದೆ. ಹಳೆಯ ಅಕ್ಷರ ಮಸುಕಾಗಿದ್ದರೆ ಒಪ್ಪಬಹುದು, ನಿನ್ನೆ ಟೈಪ್ ಮಾಡಿದ ಹೊಸ ಅಕ್ಷರವೂ ಮಸುಕಾಗುವುದು ಯಾಕೆ?

ಕೆಲಸದ ಕ್ರಮ ತಿರುವುಮುರುವಾಗಿರುವುದೇ ಇದಕ್ಕೆ ಕಾರಣ. ಮೊದಲು ಬರೆದು ಆಮೇಲೆ ಹಿಗ್ಗಿಸಿದರೆ ಅಕ್ಷರವೂ ಫೋಟೊದ ಜೊತೆ ಹಿಗ್ಗುತ್ತದೆ. ಮೊದಲು ಹಿಗ್ಗಿಸಿ ಆಮೇಲೆ ಬರೆದರೆ ಹಾಗಾಗುವುದಿಲ್ಲ. ಅಕ್ಷರವನ್ನು ಫೋಟೊದೊಳಗೆ ಬೆರೆಸದೆ ಬೇರೆಯಾಗಿಯೇ ಕೊನೆಯವರೆಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಇದನ್ನೇ ಒಂದು ಉದಾಹರಣೆಯಲ್ಲಿ ಪೂರ್ತಿ ಮಾಡಿ ನೋಡೋಣ. ಆಳಂದ ತಾಲೂಕಿನ ಒಂದು ಊರಿನ ಮಠದ ಜಾತ್ರೆಗೆ ಎ3 ಅಳತೆಯ ಗೋಡೆ ಪೋಸ್ಟರ್ ಬೇಕಾಗಿದೆ ಎಂದುಕೊಳ್ಳಿ. ಕೈಯಲ್ಲಿರುವುದು ವಾಟ್ಸಾಪಿನಲ್ಲಿ ಬಂದ 1131×1600 ಪಿಕ್ಸೆಲ್‌ನ ಒಂದು ಜೆಪೆಗ್ ಮಾತ್ರ.

ಅಕ್ಷರ ಒಡೆಯುವುದು ಎಲ್ಲಿ

ಫೋಟೊ ಎಂದರೆ ಬಣ್ಣದ ಚೌಕಗಳ ಹಾಸು. ಅದರ ಮೇಲೆ ‘ಮಠ’ ಎಂದು ಬರೆದು ಬೆರೆಸಿದರೆ ಅಕ್ಷರವೂ ಚೌಕಗಳೇ ಆಗಿಬಿಡುತ್ತದೆ. ಕನ್ನಡ ಅಕ್ಷರಗಳಲ್ಲಿ ನೇರ ಗೆರೆ ಕಡಿಮೆ, ದುಂಡು ಹೆಚ್ಚು. ದುಂಡನ್ನು ಚೌಕಗಳಲ್ಲಿ ತೋರಿಸುವಾಗ ಅಂಚು ಮೆಟ್ಟಿಲಿನಂತೆ ಕಾಣದಿರಲಿ ಎಂದು ಸಾಫ್ಟ್‌ವೇರ್ ಅಂಚಿನ ಸುತ್ತ ಒಂದು ಪಿಕ್ಸೆಲ್‌ನಷ್ಟು ನಡುಬಣ್ಣ ತುಂಬುತ್ತದೆ. ಹಳದಿಯ ಮೇಲೆ ಕಪ್ಪು ಅಕ್ಷರವಿದ್ದರೆ ಅಂಚಿನಲ್ಲಿ ಮಣ್ಣಿನ ಬಣ್ಣದ ತೆಳು ಗೆರೆ ಇರುತ್ತದೆ. ಇದ್ದ ಅಳತೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಅಕ್ಷರ ನಯವಾಗಿಯೇ ಕಾಣುತ್ತದೆ.

ಈಗ 1131 ಪಿಕ್ಸೆಲ್ ಅಗಲದ ಚಿತ್ರವನ್ನು 3508ಕ್ಕೆ ಏರಿಸಿದರೆ ಅದು ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಒಂದು ಚೌಕ ಇದ್ದಲ್ಲಿ ಒಂಬತ್ತು ಬರುತ್ತವೆ. ಅಂಚಿನ ತೆಳು ಗೆರೆ ಮೂರು ಪಿಕ್ಸೆಲ್ ದಪ್ಪವಾಗುತ್ತದೆ, ಕ್ಯೂಬಿಕ್ ಲೆಕ್ಕದಲ್ಲಿ ಹಿಗ್ಗಿಸಿದರೆ ಅಕ್ಕಪಕ್ಕಕ್ಕೂ ಕರಗಿ ಹರಡುತ್ತದೆ. ಅಕ್ಷರದ ಸುತ್ತ ಕಾಣುವ ಮಂಜು ಇದೇ. ಆಮೇಲೆ ಎಷ್ಟು ಶಾರ್ಪನ್ ಮಾಡಿದರೂ ಅಂಚಿನ ಪಕ್ಕದಲ್ಲಿ ಬಿಳಿ ಗೆರೆ ಏಳುತ್ತದೆಯೇ ಹೊರತು ಹೋದ ಆಕಾರ ವಾಪಸು ಬರುವುದಿಲ್ಲ.

ಇಂಗ್ಲಿಷ್ ಪೋಸ್ಟರಿಗಿಂತ ಕನ್ನಡ ಪೋಸ್ಟರಿಗೆ ಈ ಪೆಟ್ಟು ಜೋರಾಗಿ ಬೀಳುತ್ತದೆ. 14 ಪಾಯಿಂಟಿನ ಒಂದು ಸಾಲು ನಮ್ಮ 1131 ಪಿಕ್ಸೆಲ್ ಚಿತ್ರದಲ್ಲಿ ಸುಮಾರು 19 ಪಿಕ್ಸೆಲ್ ಎತ್ತರ ಇರುತ್ತದೆ. ಆ 19ರಲ್ಲಿ ಮೇಲೆ ಗುಡಿಸಿಗೂ ಕೆಳಗೆ ಒತ್ತಕ್ಷರಕ್ಕೂ ಜಾಗ ಬಿಡಬೇಕು. ನಡುವಿನ ಮೂಲಾಕ್ಷರಕ್ಕೆ ಉಳಿಯುವುದು ಹತ್ತು ಪಿಕ್ಸೆಲ್ ಇರಬಹುದು. ಅದರ ಹೊಟ್ಟೆಯೊಳಗಿನ ಚುಕ್ಕಿಗೆ ಒಂದು, ಹೆಚ್ಚೆಂದರೆ ಎರಡು ಪಿಕ್ಸೆಲ್. ‘ಠ’ದ ಚುಕ್ಕಿ ಕರಗಿದರೆ ಅದು ‘ರ’, ಅಂದರೆ ಮಠ ಹೋಗಿ ಮರ ಆಯಿತು. ‘ಥ’ದ ಚುಕ್ಕಿ ಹೋದರೆ ರಥೋತ್ಸವ ‘ರಧೋತ್ಸವ’ ಆಗುತ್ತದೆ. ‘ಭ’ದ ಬುಡದ ಸೀಳು ತುಂಬಿಕೊಂಡರೆ ಭಕ್ತಾದಿಗಳು ‘ಬಕ್ತಾದಿಗಳು’. ಪ್ರೂಫ್ ನೋಡಿದವರು ತಪ್ಪು ಬರೆದಿಲ್ಲ, ಟೈಪ್ ಮಾಡಿದವರೂ ತಪ್ಪು ಮಾಡಿಲ್ಲ, ಹಿಗ್ಗಿಸಿದ್ದರಿಂದ ಕಾಗುಣಿತ ಕೆಟ್ಟಿತು. ಹಾಗಾಗಿ ಫೈಲನ್ನು ಪರೀಕ್ಷಿಸುವಾಗ ದೊಡ್ಡ ಶೀರ್ಷಿಕೆಯನ್ನು ನೋಡಿ ಪ್ರಯೋಜನವಿಲ್ಲ. ಅತಿ ಚಿಕ್ಕ ಸಾಲಿನಲ್ಲಿ ಠ, ಥ, ಭ, ಧ ಎಲ್ಲಿವೆ ಎಂದು ಹುಡುಕಿ ಅವನ್ನೇ ನೋಡಬೇಕು.

300 ಎಂಬ ಅಂಕಿ

‘ಪ್ರಿಂಟಿಗೆ 300 ಬೇಕು’ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಅದರ ಅರ್ಥ, ಮುದ್ರಿಸುವ ಅಳತೆಯಲ್ಲಿ ಒಂದು ಅಂಗುಲಕ್ಕೆ 300 ಪಿಕ್ಸೆಲ್ ಸಿಗಬೇಕು ಎಂದು. ಅಂಗುಲಕ್ಕೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕವೇ ಪಿಪಿಐ. ಫೈಲಿನೊಳಗೆ 300 ಎಂದು ಬರೆದಿದ್ದರೆ ಸಾಕು ಎಂದಲ್ಲ. ಫೋಟೊ ತಿದ್ದುವ ಸಾಫ್ಟ್‌ವೇರ್ ಆದ ಗಿಂಪ್‌ನಲ್ಲಿ `Image > Print Size`ಗೆ ಹೋಗಿ 72 ಇದ್ದಲ್ಲಿ 300 ಬರೆದರೆ ಒಂದು ಪಿಕ್ಸೆಲ್ಲೂ ಹೆಚ್ಚಾಗುವುದಿಲ್ಲ, ಕಾಗದದ ಮೇಲಿನ ಅಳತೆ ಕುಗ್ಗುತ್ತದೆ, ಅಷ್ಟೇ. ಫೋಟೊಶಾಪ್‌ನ `Image Size`ನಲ್ಲಿ `Resample` ಟಿಕ್ ತೆಗೆದು ಅಂಕಿ ಬದಲಿಸಿದರೂ ಇದೇ ಕಥೆ. ಟಿಕ್ ಇಟ್ಟು ಬದಲಿಸಿದರೆ ಪಿಕ್ಸೆಲ್ ಹೆಚ್ಚುತ್ತವೆ, ಆದರೆ ಅವೆಲ್ಲ ಅಕ್ಕಪಕ್ಕದವನ್ನು ನೋಡಿ ಊಹಿಸಿ ತುಂಬಿದ ಪಿಕ್ಸೆಲ್‌ಗಳು.

ಬೇಕಾದ ಪಿಕ್ಸೆಲ್ ಲೆಕ್ಕ ಹಾಕುವುದು ಹೀಗೆ:

```
ಪಿಕ್ಸೆಲ್ = ಮಿ.ಮೀ ÷ 25.4 × ಪಿಪಿಐ
297 ÷ 25.4 × 300 = 3508
420 ÷ 25.4 × 300 = 4961
```

ಅಂದರೆ ಎ3 ಪೋಸ್ಟರಿಗೆ 3508×4961 ಬೇಕು. ನಮ್ಮಲ್ಲಿರುವ 1131 ಪಿಕ್ಸೆಲ್ಲನ್ನು 297 ಮಿ.ಮೀ ಅಗಲಕ್ಕೆ ಹಾಸಿದರೆ ಅಂಗುಲಕ್ಕೆ ಸಿಗುವುದು ಸುಮಾರು 97. ಇದು ಸಾಕೇ? ದೇವರ ಫೋಟೊ, ಗುಡಿಯ ಗೋಪುರ, ಹೂವಿನ ಹಾರಗಳಿಗೆ ಪರವಾಗಿಲ್ಲ. ಒಳ್ಳೆಯ ಕಣ್ಣು ಬೇರ್ಪಡಿಸಿ ನೋಡಬಲ್ಲ ಕನಿಷ್ಠ ಕೋನ ಒಂದು ಡಿಗ್ರಿಯ 60ರಲ್ಲಿ ಒಂದು ಭಾಗ. ಆ ಲೆಕ್ಕದಲ್ಲಿ ಕೈಯಲ್ಲಿ ಹಿಡಿದು 30 ಸೆಂ.ಮೀ ದೂರದಿಂದ ಓದುವ ಕರಪತ್ರಕ್ಕೆ ಸುಮಾರು 290 ಪಿಪಿಐ ಬೇಕಾಗುತ್ತದೆ. ಗೋಡೆಗೆ ಅಂಟಿಸಿದ್ದನ್ನು ಒಂದು ಮೀಟರ್ ದೂರದಿಂದ ನೋಡಿದರೆ 87 ಸಾಕು. ಆದ್ದರಿಂದ 97ರ ಫೋಟೊ ಗೋಡೆಯ ಮೇಲೆ ನಿಭಾಯಿಸುತ್ತದೆ, ಹತ್ತಿರ ಹೋದರೆ ಮೆತ್ತಗೆ ಕಾಣುತ್ತದೆ.

ಆದರೆ ಪೋಸ್ಟರಿನ ಚಿಕ್ಕ ಅಕ್ಷರ ಓದಲು ಜನ ಹತ್ತಿರವೇ ಬರುತ್ತಾರೆ. ದಾಸೋಹ ಸೇವೆಯವರ ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೇ ಎಂದು ಮೂಗು ತಾಗುವಷ್ಟು ಹತ್ತಿರ ನಿಂತು ನೋಡುತ್ತಾರೆ. ಇನ್ನೊಂದು ವಿಷಯವೂ ಇದೆ. 300 ಎಂಬ ರೂಢಿ ಹುಟ್ಟಿದ್ದೇ ಫೋಟೊಗಳಿಗಾಗಿ: ಆಫ್‌ಸೆಟ್‌ನಲ್ಲಿ ಅಂಗುಲಕ್ಕೆ 150 ಸಾಲು ಶಾಯಿ ಚುಕ್ಕಿಗಳ ಸ್ಕ್ರೀನ್ ಇದ್ದರೆ ಅದರ ಎರಡರಷ್ಟು ಎಂದು 300. ಚೂಪಾದ ಅಂಚಿನ ಅಕ್ಷರಕ್ಕೆ ಆ 300 ಕೂಡ ಕಡಿಮೆಯೇ. ಪಿಕ್ಸೆಲ್ ರೂಪದ ಅಕ್ಷರ ಚೆನ್ನಾಗಿ ಬರಲು 600 ಅಥವಾ ಅದಕ್ಕೂ ಹೆಚ್ಚು ಬೇಕು. ಅಕ್ಷರವನ್ನು ಪಿಕ್ಸೆಲ್ ಮಾಡದೆ, ಗೆರೆಯ ಲೆಕ್ಕದಲ್ಲಿ, ಅಂದರೆ ವೆಕ್ಟರ್ ಆಗಿಯೇ ಕಳಿಸಿದರೆ ಈ ಚಿಂತೆಯೇ ಇಲ್ಲ. ಪ್ಲೇಟ್ ಮಾಡುವ ಯಂತ್ರ ಅದನ್ನು ತನ್ನ ಸಾಮರ್ಥ್ಯಕ್ಕೆ ತಕ್ಕಂತೆ, ಸಾಮಾನ್ಯವಾಗಿ ಅಂಗುಲಕ್ಕೆ 2400 ಚುಕ್ಕಿಯಲ್ಲಿ, ಹೊಸದಾಗಿ ಬಿಡಿಸುತ್ತದೆ. ಅಡಿಯಲ್ಲಿರುವ ಫೋಟೊ 97 ಇದ್ದರೂ ಮೇಲಿನ ಅಕ್ಷರ 2400ರಲ್ಲಿ ಬರುತ್ತದೆ.

ಕೆಲಸದ ಕ್ರಮ

ಮೊದಲು ಒಂದು ಫೋನ್ ಕರೆ ಮಾಡಿ ನೋಡುವುದು ಒಳ್ಳೆಯದು. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಹಿಂಡಿ ಕಳಿಸುತ್ತದೆ. ಅದೇ ಫೈಲನ್ನು `Document` ಎಂದು ಕಳಿಸಿದರೆ ಇದ್ದದ್ದು ಇದ್ದಂತೆಯೇ ಬರುತ್ತದೆ. ಹೋದ ವರ್ಷ ಮಾಡಿದವರ ಹತ್ತಿರ ದೊಡ್ಡ ಫೈಲ್ ಇದ್ದು, ಅವರು ಹಾಗೆ ಕಳಿಸಿದರೆ ಅರ್ಧ ಕೆಲಸ ಉಳಿಯುತ್ತದೆ. ಸಿಗದಿದ್ದರೆ ಮುಂದಿನ ದಾರಿ.

ಚಿತ್ರವನ್ನು ಗಿಂಪ್‌ನಲ್ಲಿ ತೆರೆದು ಹಳೆಯ ಅಕ್ಷರ ಅಳಿಸಿ. ತಾರೀಖು ಮಾತ್ರವಲ್ಲ, ಎಲ್ಲ ಅಕ್ಷರವನ್ನೂ. ಇದು ಬೇಸರದ ಕೆಲಸ ಅನಿಸಬಹುದು. ಆದರೆ ಚೂಪಾದ ಹೊಸ ಸಾಲಿನ ಪಕ್ಕದಲ್ಲಿ ಮಸುಕಾದ ಹಳೆಯ ಸಾಲು ನಿಂತರೆ ಹಳೆಯದು ಮೊದಲಿಗಿಂತಲೂ ಕೆಟ್ಟದಾಗಿ ಕಾಣುತ್ತದೆ, ತೇಪೆ ಹಾಕಿದ್ದು ಊರಿಗೆಲ್ಲ ಗೊತ್ತಾಗುತ್ತದೆ. ಅಳಿಸುವಾಗ ಅಕ್ಷರದ ಅಂಚಿಗೇ ನಿಲ್ಲಬೇಡಿ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ನ ತುಂಡುಗಳಾಗಿ ಹಿಂಡುತ್ತದೆ, ಆದ್ದರಿಂದ ಅಕ್ಷರದ ಸುತ್ತ ಅಷ್ಟು ದೂರದವರೆಗೆ ಸೊಳ್ಳೆ ಮುತ್ತಿದಂತೆ ಸಣ್ಣ ಕಲೆಗಳು ಇರುತ್ತವೆ. ಅಕ್ಷರವನ್ನು ಆಯ್ಕೆ ಮಾಡಿದ ಮೇಲೆ `Select > Grow`ನಲ್ಲಿ 8 ಪಿಕ್ಸೆಲ್ ಬೆಳೆಸಿ, ಕಲೆ ಉಳಿದರೆ 16 ಮಾಡಿ, ಆಮೇಲೆ `Clone` ಅಥವಾ `Heal` ಬಳಸಿ ಮುಚ್ಚಿ.

ಹಿನ್ನೆಲೆ ಬಣ್ಣ ಒಂದೇ ಸಮನಾಗಿಲ್ಲದಿದ್ದರೆ ಗೊತ್ತಾಗದಂತೆ ಮುಚ್ಚುವ ಹಟ ಬೇಡ. ಅಲ್ಲಿ ಕುಂಕುಮ ಬಣ್ಣದ್ದೋ ಕಡುಹಸಿರಿನದ್ದೋ ಒಂದು ಹೊಸ ಪಟ್ಟಿ ಎಳೆದು ಅದರ ಮೇಲೆ ಅಕ್ಷರ ಇಡುವುದೇ ಮೇಲು. ನೋಡುವವರಿಗೆ ಅದು ವಿನ್ಯಾಸ ಅನಿಸುತ್ತದೆ, ಅಡಿಯಲ್ಲಿರುವ ಕೊಳೆಯೂ ಮುಚ್ಚಿಹೋಗುತ್ತದೆ. ಪಟ್ಟಿಯನ್ನು ಗಿಂಪ್‌ನಲ್ಲಿ ಎಳೆಯಬೇಡಿ, ಮುಂದಿನ ಹಂತಕ್ಕೆ ಬಿಡಿ. ಅಳಿಸಿ ಮುಗಿದ ಮೇಲೆ ಚಿತ್ರವನ್ನು ಪಿಎನ್‌ಜಿ ಆಗಿ ಉಳಿಸಿ. ಮತ್ತೆ ಜೆಪೆಗ್ ಮಾಡಿದರೆ ಅದೇ ಕಲೆಗಳು ಇನ್ನೊಂದು ಸುತ್ತು ಹುಟ್ಟಿಕೊಳ್ಳುತ್ತವೆ.

ಇನ್ನು ಇಂಕ್‌ಸ್ಕೇಪ್. ಇದು ಗೆರೆಯ ಲೆಕ್ಕದಲ್ಲಿ ಬಿಡಿಸುವ ವೆಕ್ಟರ್ ಸಾಫ್ಟ್‌ವೇರ್, ಉಚಿತವಾಗಿ ಸಿಗುತ್ತದೆ, ಯೂನಿಕೋಡ್ ಕನ್ನಡವನ್ನು ಒತ್ತಕ್ಷರ ಸಮೇತ ಸರಿಯಾಗಿ ಜೋಡಿಸುತ್ತದೆ. ಕೋರೆಲ್‌ಡ್ರಾ ಕೈಗೆ ಪಳಗಿದ್ದರೆ ಅದರಲ್ಲೂ ಇದೇ ಕ್ರಮ. `Document Properties`ನಲ್ಲಿ ಪುಟದ ಅಳತೆ 303×426 ಮಿ.ಮೀ ಕೊಡಿ. ಎ3 ಎಂದರೆ 297×420, ಅದರ ನಾಲ್ಕೂ ಬದಿಗೆ 3 ಮಿ.ಮೀ ಹೆಚ್ಚು. ಕತ್ತರಿಸುವ ಯಂತ್ರ ಒಂದು ಮಿ.ಮೀ ಅತ್ತಿತ್ತ ಸರಿದರೂ ಅಂಚಿನಲ್ಲಿ ಬಿಳಿ ಗೆರೆ ಬಾರದಿರಲೆಂದು ಈ ಹೆಚ್ಚುವರಿ, ಪ್ರೆಸ್ಸಿನವರು ಬ್ಲೀಡ್ ಎನ್ನುವುದು ಇದನ್ನೇ. ಎ3 ಹಾಳೆಯ ಮೇಲೇ ಕಲರ್ ಲೇಸರ್‌ನಲ್ಲಿ ತೆಗೆಸುವುದಾದರೆ ಬ್ಲೀಡ್ ಕೊಟ್ಟು ಉಪಯೋಗವಿಲ್ಲ, ಸುತ್ತ ಬಿಳಿ ಅಂಚು ಹೇಗೂ ಉಳಿಯುತ್ತದೆ.

`File > Import`ನಿಂದ ಪಿಎನ್‌ಜಿ ತರುವಾಗ `Embed` ಆರಿಸಿ. `Link` ಮಾಡಿದರೆ ಫೈಲನ್ನು ಬೇರೆ ಕಂಪ್ಯೂಟರಿಗೆ ಒಯ್ದಾಗ ಚಿತ್ರ ಇರಬೇಕಾದಲ್ಲಿ ಖಾಲಿ ಚೌಕ ಕಾಣುತ್ತದೆ. ಮೇಲಿನ ಪಟ್ಟಿಯಲ್ಲಿ ಬೀಗದ ಗುರುತು ಒತ್ತಿ, ಅಗಲ 303 ಮಿ.ಮೀ ಕೊಟ್ಟರೆ ಎತ್ತರ ತಾನಾಗಿ 428.6 ಆಗುತ್ತದೆ. ಪುಟಕ್ಕಿಂತ 2.6 ಹೆಚ್ಚು. ಮೇಲೂ ಕೆಳಗೂ 1.3 ಹೊರಗೆ ಚಾಚಿಕೊಳ್ಳಲಿ, ಎಕ್ಸ್ 0 ಮತ್ತು ವೈ -1.3 ಕೊಟ್ಟರೆ ಸರಿಯಾಗಿ ಕೂರುತ್ತದೆ. ಬೀಗ ಹಾಕದೆ ಎರಡೂ ಅಂಕಿ ಬರೆದರೆ ಸ್ವಾಮೀಜಿಯವರ ಮುಖ ತುಸು ಅಗಲವಾಗುತ್ತದೆ, ಅದನ್ನು ಮಾತ್ರ ಯಾರೂ ಕ್ಷಮಿಸುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು, ಚಿತ್ರವನ್ನು ಎಲ್ಲೂ 3508 ಪಿಕ್ಸೆಲ್‌ಗೆ ಏರಿಸಿಲ್ಲ. ಅದು 1131 ಪಿಕ್ಸೆಲ್ಲಾಗಿಯೇ 303 ಮಿ.ಮೀ ಜಾಗದಲ್ಲಿ ಹಾಸಿಕೊಂಡಿದೆ. ಊಹೆಯ ಪಿಕ್ಸೆಲ್ ತುಂಬಿ ಫೈಲ್ ದಪ್ಪ ಮಾಡುವುದರಿಂದ ಹೊಸ ವಿವರವೇನೂ ಬರುವುದಿಲ್ಲ.

ಅದರ ಮೇಲೆ ಬಣ್ಣದ ಪಟ್ಟಿ, ಅದರ ಮೇಲೆ ಅಕ್ಷರ. ಪುಟದ ಅಂಚಿನಿಂದ 13 ಮಿ.ಮೀ ಒಳಗೇ ಅಕ್ಷರ ನಿಲ್ಲಲಿ. 3 ಮಿ.ಮೀ ಕತ್ತರಿಸಿ ಹೋಗುತ್ತದೆ, 10 ಉಸಿರಾಡಲು ಉಳಿಯುತ್ತದೆ. ಗೋಡೆ ಪೋಸ್ಟರಿನಲ್ಲಿ 14 ಪಾಯಿಂಟಿಗಿಂತ ಚಿಕ್ಕ ಅಕ್ಷರ ಬೇಡ. ಫಾಂಟ್ ದಪ್ಪನೆಯದಾದಷ್ಟೂ ಠ, ಥಗಳ ಹೊಟ್ಟೆಯೊಳಗಿನ ಜಾಗ ಇಕ್ಕಟ್ಟಾಗುತ್ತದೆ. ಅತಿ ದಪ್ಪನೆಯದನ್ನು ಶೀರ್ಷಿಕೆಗೆ ಇಟ್ಟುಕೊಂಡು, ಹೆಸರಿನ ಪಟ್ಟಿಗೆ ನೋಟೊ ಸಾನ್ಸ್ ಕನ್ನಡದ ಸಾಧಾರಣ ದಪ್ಪದಂಥದ್ದನ್ನು ಬಳಸಿ.

ಪಿಕ್ಸೆಲ್ ಸಾಫ್ಟ್‌ವೇರ್ ಮಾತ್ರ ಇದ್ದರೆ

ಗಿಂಪ್ ಒಂದರಲ್ಲೇ ಮುಗಿಸಬೇಕಾದರೆ ಕ್ರಮ ಕಟ್ಟುನಿಟ್ಟು: ಹಳೆಯದನ್ನು ಅಳಿಸುವುದು, ಆಮೇಲೆ `Image > Scale Image`, ಆಮೇಲೆಯೇ ಟೈಪಿಂಗ್. ಅಕ್ಷರಕ್ಕಾಗಿ 600 ಪಿಪಿಐ ಇಟ್ಟುಕೊಂಡರೆ ಎ3ಗೆ 7016×9921 ಆಗುತ್ತದೆ. ಯಂತ್ರ ಹಳೆಯದಾಗಿ ತಿಣುಕಿದರೆ 300ಕ್ಕೆ ಇಳಿಯಿರಿ. ಇದಾಗಲೇ ಟೈಪ್ ಮಾಡಿಯಾದ ಮೇಲೆ ಹಿಗ್ಗಿಸಬೇಕಾಗಿ ಬಂದರೆ ಏನಾಗುತ್ತದೆ ಎಂಬುದು ತಿಳಿದಿರಲಿ. ಗಿಂಪ್ 2.10ರಲ್ಲಿ ಅಕ್ಷರದ ಪದರವೂ ಪಿಕ್ಸೆಲ್ ಆಗಿಯೇ ಹಿಗ್ಗುತ್ತದೆ. ಪದರಗಳ ಪಟ್ಟಿಯಲ್ಲಿ ನೋಡಿದರೆ ಅಕ್ಷರದ ಪದರದಂತೆಯೇ ಇರುತ್ತದೆ, ಮೋಸ ಹೋಗುವುದು ಇಲ್ಲಿಯೇ. ಅದರ ಮೇಲೆ ಅಕ್ಷರದ ಉಪಕರಣದಿಂದ ಕ್ಲಿಕ್ ಮಾಡಿದರೆ, ಇದು ಬೇರೆ ಉಪಕರಣದಿಂದ ಬದಲಾಗಿದೆ, ಮುಂದುವರಿದರೆ ಆ ಬದಲಾವಣೆ ಹೋಗುತ್ತದೆ ಎಂಬ ಎಚ್ಚರಿಕೆ ಬರುತ್ತದೆ. `Edit` ಒತ್ತಿ. ಅಕ್ಷರ ಮತ್ತೆ ಚೂಪಾಗುತ್ತದೆ, ಆದರೆ ಅಳತೆ ಹಳೆಯದಕ್ಕೇ ಇಳಿದಿರುತ್ತದೆ. ಎಷ್ಟು ಪಟ್ಟು ಹಿಗ್ಗಿಸಿದ್ದಿರೋ ಅಷ್ಟರಿಂದ ಗುಣಿಸಿ ಹೊಸ ಅಳತೆ ಕೊಡಿ: 19 ಪಿಕ್ಸೆಲ್ ಇದ್ದದ್ದು 3.1 ಪಟ್ಟಿಗೆ 59.

ಫೋಟೊಶಾಪ್ ಈ ವಿಷಯದಲ್ಲಿ ಜಾಣ. ಅಕ್ಷರದ ಪದರ ಅಕ್ಷರವಾಗಿಯೇ ಉಳಿದಿದ್ದರೆ `Image Size`ನಲ್ಲಿ ಹಿಗ್ಗಿಸಿದಾಗ ಅದನ್ನು ಹೊಸದಾಗಿ ಬಿಡಿಸುತ್ತದೆ. ಕೆಡುವುದು `Rasterize Type` ಅಥವಾ `Flatten Image` ಮೊದಲೇ ಒತ್ತಿದಾಗ. ಫೋನಿನ ಆ್ಯಪ್‌ಗಳಲ್ಲಿ ಮಾಡುವವರು ಕೆಲಸ ಶುರು ಮಾಡುವ ಮೊದಲೇ ಕ್ಯಾನ್ವಾಸ್ ಅಳತೆಯನ್ನು ಕೊನೆಯ ಅಳತೆಗೆ ಇಡಬೇಕು. ಕ್ಯಾನ್ವಾದಲ್ಲಿ ಡೌನ್‌ಲೋಡ್ ಮಾಡುವಾಗ `PDF Print` ಆರಿಸಬೇಕು.

ಹೊರತೆಗೆಯುವಾಗ

ಇಂಕ್‌ಸ್ಕೇಪ್‌ನಿಂದ ಪಿಡಿಎಫ್ ಉಳಿಸುವಾಗ ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ಅಕ್ಷರವನ್ನು ಗೆರೆಯಾಗಿಸುವ `Convert text to paths` ಆರಿಸಿ. ನಮ್ಮ ಕಡೆಯ ಪ್ರೆಸ್ಸುಗಳಲ್ಲಿ ನುಡಿ, ಶ್ರೀಲಿಪಿ ಕಾಲದ ಹಳೆಯ ಫಾಂಟ್‌ಗಳು ಇನ್ನೂ ಓಡುತ್ತಿವೆ, ಕೋರೆಲ್‌ಡ್ರಾದ ಹಳೆಯ ಆವೃತ್ತಿಗಳೂ ಇವೆ. ನೀವು ಯೂನಿಕೋಡಿನಲ್ಲಿ ಬರೆದದ್ದನ್ನು ಅಲ್ಲಿ ತೆರೆದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಲ್ಲಬಹುದು. ಗೆರೆಯಾಗಿಸಿದ ಅಕ್ಷರಕ್ಕೆ ಫಾಂಟೇ ಬೇಕಿಲ್ಲವಾದ್ದರಿಂದ ಆ ತಾಪತ್ರಯ ತಪ್ಪುತ್ತದೆ. ಕೋರೆಲ್‌ಡ್ರಾದಲ್ಲಿ ಎಲ್ಲ ಆಯ್ಕೆ ಮಾಡಿ `Ctrl+Q` ಒತ್ತಿದರೆ ಇದೇ ಕೆಲಸ ಆಗುತ್ತದೆ. ಹಾಗೆ ಮಾಡುವ ಮೊದಲು ತಿದ್ದಬಹುದಾದ ಒಂದು ಪ್ರತಿ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಗೆರೆಯಾದ ಮೇಲೆ ‘ಸೋಮವಾರ’ವನ್ನು ‘ಮಂಗಳವಾರ’ ಮಾಡಲು ಬರುವುದಿಲ್ಲ.

ಅದೇ ಕಿಟಕಿಯಲ್ಲಿ `Resolution for rasterization` ಎಂಬ ಅಂಕಿ ಇದೆ. ಎಲ್ಲ ಸರಿ ಮಾಡಿಯೂ ಕೊನೆಯಲ್ಲಿ ಮಸುಕಾಗುವ ಜಾಗ ಇದು. ಶೀರ್ಷಿಕೆಗೆ ಮೆತ್ತನೆಯ ನೆರಳು ಹಾಕಿದ್ದರೆ ಅದು ಫಿಲ್ಟರ್. ಪಿಡಿಎಫ್‌ಗೆ ಹೋಗುವಾಗ ಫಿಲ್ಟರ್ ಇರುವ ವಸ್ತುವೆಲ್ಲ, ಅಂದರೆ ನೆರಳಿನ ಜೊತೆ ಅಕ್ಷರವೂ, ಪಿಕ್ಸೆಲ್ ಆಗಿಬಿಡುತ್ತದೆ. ಅಲ್ಲಿ 96 ಎಂದಿದ್ದರೆ ನಿಮ್ಮ ಶೀರ್ಷಿಕೆ 96 ಪಿಪಿಐನಲ್ಲಿ ಹೋಗುತ್ತದೆ, ಹೆಸರಿನ ಪಟ್ಟಿ ಚೂಪಾಗಿರುತ್ತದೆ. ಅಂಕಿಯನ್ನು 300 ಅಥವಾ 600 ಮಾಡಿ. ಅದಕ್ಕಿಂತ ಒಳ್ಳೆಯ ದಾರಿ, ಅಕ್ಷರದ ನಕಲು ತೆಗೆದು, ನಕಲಿಗೆ ಮಾತ್ರ ಮಸುಕು ಕೊಟ್ಟು ಅಡಿಯಲ್ಲಿಡುವುದು. ನೆರಳು ಪಿಕ್ಸೆಲ್ ಆಗಲಿ, ಮೇಲಿನ ಅಕ್ಷರ ಗೆರೆಯಾಗಿಯೇ ಇರುತ್ತದೆ.

ಪ್ರೆಸ್ಸಿನವರು ಜೆಪೆಗ್ ಬಿಟ್ಟು ಬೇರೇನೂ ಬೇಡ ಎಂದರೆ 600 ಪಿಪಿಐನಲ್ಲಿ ಪಿಎನ್‌ಜಿ ತೆಗೆದು, ಗಿಂಪ್‌ನಲ್ಲಿ ತೆರೆದು ಜೆಪೆಗ್ ಮಾಡಿ. ಗುಣಮಟ್ಟ 95 ಇಡಿ, ಜೊತೆಗೆ `Subsampling`ನಲ್ಲಿ 4:4:4 ಆರಿಸಿ. ಅಲ್ಲಿ 4:2:0 ಇದ್ದರೆ ಬೆಳಕು ನೆರಳಿನ ಮಾಹಿತಿ ಪೂರ್ತಿ ಉಳಿದು ಬಣ್ಣದ ಮಾಹಿತಿ ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಯುತ್ತದೆ. ಬಿಳಿಯ ಮೇಲೆ ಕಪ್ಪು ಅಕ್ಷರಕ್ಕೆ ಇದರಿಂದ ತೊಂದರೆಯಿಲ್ಲ. ಜಾತ್ರೆ ಪೋಸ್ಟರಿನಲ್ಲಿರುವುದು ಹಳದಿಯ ಮೇಲೆ ಕೆಂಪು, ಕೆಂಪಿನ ಮೇಲೆ ಹಳದಿ. ಅಲ್ಲಿ ಅಂಚು ಕಲಸಿದಂತಾಗುತ್ತದೆ.

ರೆಸಲ್ಯೂಶನ್ ಸರಿಯಿದ್ದೂ ಆಫ್‌ಸೆಟ್‌ನಲ್ಲಿ ಚಿಕ್ಕ ಕಪ್ಪು ಅಕ್ಷರ ಮಸುಕಾಗಿ ಬಂದರೆ ಕಾರಣ ಬೇರೆ. ಇಂಕ್‌ಸ್ಕೇಪ್, ಗಿಂಪ್‌ಗಳ ಕಪ್ಪು ಸ್ಕ್ರೀನಿನ ಕಪ್ಪು. ಅದನ್ನು ನಾಲ್ಕು ಶಾಯಿಗೆ ತಿರುಗಿಸಿದಾಗ ನೀಲಿ, ಗುಲಾಬಿ, ಹಳದಿ, ಕಪ್ಪು ನಾಲ್ಕೂ ಬೆರೆತ ಕಪ್ಪಾಗುತ್ತದೆ. ನಾಲ್ಕು ಪ್ಲೇಟುಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಅಕ್ಷರದ ಪಕ್ಕ ಬಣ್ಣದ ನೆರಳು ಬೀಳುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಒಂದು ಬದಿಗೆ ಗುಲಾಬಿ, ಇನ್ನೊಂದು ಬದಿಗೆ ನೀಲಿ ಕಂಡರೆ ಇದೇ ರೋಗ. ಪಿಡಿಎಫ್ ಕೊಡುವಾಗ ‘ಕಪ್ಪು ಅಕ್ಷರ ಕೆ 100 ಮಾಡ್ರಿ’ ಎಂದು ಹೇಳಿ, ಅಂದರೆ ಅಕ್ಷರ ಕಪ್ಪು ಶಾಯಿ ಒಂದರಲ್ಲೇ ಬರಲಿ ಎಂದು. ಕೋರೆಲ್‌ಡ್ರಾದಲ್ಲಿ ನೀವೇ ಸಿ, ಎಂ, ವೈ ಸೊನ್ನೆ ಮಾಡಿ ಕೆ 100 ಕೊಡಬಹುದು. ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಕೊರೆದು ತೆಗೆಯುವಾಗಲೂ ಇದೇ ಸರಿದಾಟ ಠದ ಹೊಟ್ಟೆಯನ್ನು ತುಂಬುತ್ತದೆ. ಬಿಳಿ ಅಕ್ಷರವನ್ನು ಕಪ್ಪು ಅಕ್ಷರಕ್ಕಿಂತ ಒಂದೆರಡು ಪಾಯಿಂಟ್ ದೊಡ್ಡದು ಇಡಿ.

ಬ್ಯಾನರ್ ಆದರೆ

ಪೋಸ್ಟರ್ ಆದ ಮೇಲೆ ‘ಇದನ್ನೇ ಎಂಟು ನಾಲ್ಕರ ಬ್ಯಾನರ್ ಮಾಡ್ರಿ’ ಎಂಬ ಬೇಡಿಕೆ ಬಂದೇ ಬರುತ್ತದೆ. ಇಲ್ಲಿ 300 ಹಿಡಿದು ಕೂತರೆ ಕೆಲಸ ಮುಗಿಯುವುದಿಲ್ಲ. 8×4 ಅಡಿಗೆ 300 ಪಿಪಿಐ ಎಂದರೆ 28800×14400 ಪಿಕ್ಸೆಲ್, ನಾಲ್ಕು ಶಾಯಿಯ ಲೆಕ್ಕದಲ್ಲಿ ಮೆಮೊರಿಯಲ್ಲಿ 1.6 ಜಿಬಿಗೂ ಹೆಚ್ಚು. ಮೂರು ಮೀಟರ್ ದೂರದಿಂದ ನೋಡುವವರಿಗೆ 30 ಪಿಪಿಐ ಕೂಡ ಸಾಕು, ಹತ್ತಿರ ಬರುವವರನ್ನೂ ಲೆಕ್ಕಕ್ಕೆ ಹಿಡಿದು 72 ಇಟ್ಟರೆ ನೆಮ್ಮದಿ. ಆಗ 6912×3456 ಪಿಕ್ಸೆಲ್, ಸುಮಾರು 96 ಎಂಬಿ.

ಬ್ಯಾನರಿನಲ್ಲಿ ನಿಜವಾಗಿ ಕೆಡುವುದು ಅಡಿಯನ್ನು ಅಂಗುಲವಾಗಿ ಹಿಡಿದಾಗ. ಫೋಟೊಶಾಪ್‌ನಲ್ಲಿ 8×4 ಅಂಗುಲ, 300 ಎಂದು ಫೈಲ್ ತೆರೆದು, ಅಕ್ಷರವನ್ನೆಲ್ಲ ಬೆರೆಸಿ ಜೆಪೆಗ್ ಮಾಡಿ, ‘ಹನ್ನೆರಡು ಪಟ್ಟು ದೊಡ್ಡದು ಮಾಡಿ ತೆಗೀರಿ’ ಎಂದು ಕೊಡುತ್ತಾರೆ. 300ನ್ನು 12ರಿಂದ ಭಾಗಿಸಿದರೆ 25. ಬ್ಯಾನರಿನ ಮೇಲೆ ಒಂದೊಂದು ಪಿಕ್ಸೆಲ್ಲೂ ಒಂದು ಮಿ.ಮೀ ಚೌಕ, ಬರಿಗಣ್ಣಿಗೆ ಮೆಟ್ಟಿಲು ಕಾಣುತ್ತದೆ. ಅಂಗುಲದ ಲೆಕ್ಕದಲ್ಲೇ ಮಾಡುವುದಿದ್ದರೆ ಪಿಪಿಐ 864 ಇಡಬೇಕು, ಅಂದರೆ 72ರ ಹನ್ನೆರಡು ಪಟ್ಟು. ಅಕ್ಷರ ವೆಕ್ಟರ್ ಆಗಿರುವ ಪಿಡಿಎಫ್ ಆದರೆ ಅಂಗುಲದಲ್ಲಿದ್ದರೂ ಅಡಿಯಲ್ಲಿದ್ದರೂ ಅಕ್ಷರಕ್ಕೆ ವ್ಯತ್ಯಾಸವಿಲ್ಲ, ಚಿತ್ರದ ಲೆಕ್ಕ ಮಾತ್ರ ನೋಡಿಕೊಂಡರಾಯಿತು.

ಇನ್ನೊಂದು ತೊಡಕು: ನಮ್ಮ ಪೋಸ್ಟರ್ ಉದ್ದನೆಯದು, ಬ್ಯಾನರ್ ಅಡ್ಡನೆಯದು. 1131 ಪಿಕ್ಸೆಲ್ಲಿನ ಚಿತ್ರವನ್ನು ಎಂಟು ಅಡಿಗೆ ಎಳೆದರೆ ಅಂಗುಲಕ್ಕೆ 12 ಪಿಕ್ಸೆಲ್ ಸಿಗುತ್ತದೆ, ಅದು ಮೂರು ಮೀಟರಿಗೂ ಸಾಲದು. ಹಿನ್ನೆಲೆಯನ್ನು ವೆಕ್ಟರ್ ಬಣ್ಣ, ಬಳ್ಳಿ, ಪಟ್ಟಿಗಳಿಂದ ಹೊಸದಾಗಿ ಕಟ್ಟಿ, ಗುಡಿಯ ಫೋಟೊವನ್ನು ಎರಡು ಅಡಿ ಅಗಲದ ಚೌಕಟ್ಟಿನಲ್ಲಿ ಒಂದು ಬದಿಗೆ ಕೂರಿಸಿ. 1131ನ್ನು 24 ಅಂಗುಲಕ್ಕೆ ಹಂಚಿದರೆ 47, ಬ್ಯಾನರಿಗೆ ನಡೆಯುತ್ತದೆ. ಹೊಸದಾಗಿ ಫೋನಿನಲ್ಲಿ ಗುಡಿಯ ಫೋಟೊ ತೆಗೆದು `Document` ಆಗಿ ಕಳಿಸಿಕೊಂಡರೆ ಈ ಲೆಕ್ಕವೆಲ್ಲ ಬೇಕಾಗುವುದೇ ಇಲ್ಲ.

ಕಳಿಸುವ ಮೊದಲು

ಪಿಡಿಎಫ್ ತೆರೆದು 800 ಪರ್ಸೆಂಟಿಗೆ ಹಿಗ್ಗಿಸಿ, ಅತಿ ಚಿಕ್ಕ ಸಾಲಿನ ಒಂದು ಠವನ್ನು ನೋಡಿ. ಅಂಚು ಬ್ಲೇಡಿನಿಂದ ಕತ್ತರಿಸಿದಂತೆ ಇದ್ದರೆ ಅದು ಗೆರೆ. ಮೆಟ್ಟಿಲೋ ಮಂಜೋ ಕಂಡರೆ ಎಲ್ಲೋ ಪಿಕ್ಸೆಲ್ ಆಗಿದೆ. ಹಿನ್ನೆಲೆಯ ಫೋಟೊ ಅಷ್ಟು ಹಿಗ್ಗಿದಾಗ ಮಸುಕಾಗಿಯೇ ಕಾಣುತ್ತದೆ, ಅದಕ್ಕೆ ಗಾಬರಿ ಬೇಡ. ಲಿನಕ್ಸ್ ಬಳಸುವವರಿಗೆ ಪಾಪ್ಲರ್ ಉಪಕರಣಗಳಲ್ಲಿ ಒಂದು ಆಜ್ಞೆ ಇದೆ:

```
pdfimages -list poster.pdf
```

ಪಿಡಿಎಫ್‌ನೊಳಗಿನ ಒಂದೊಂದು ಚಿತ್ರವೂ ಮುದ್ರಣದ ಅಳತೆಯಲ್ಲಿ ಎಷ್ಟು ಪಿಪಿಐ ಎಂದು `x-ppi`, `y-ppi` ಕಂಬಗಳು ಹೇಳುತ್ತವೆ. ನಮ್ಮ ಪೋಸ್ಟರಿನಲ್ಲಿ ಹಿನ್ನೆಲೆಗೆ 95 ಎಂದು ಬರಬೇಕು. ಎರಡೂ ಕಂಬದಲ್ಲಿ ಬೇರೆ ಬೇರೆ ಅಂಕಿ ಬಂದರೆ ಬೀಗ ಹಾಕದೆ ಎಳೆದಿದ್ದೀರಿ ಎಂದರ್ಥ. ನೀವು ಇಟ್ಟಿರದ ಇನ್ನೊಂದು ಚಿತ್ರ ಪಟ್ಟಿಯಲ್ಲಿ ಕಂಡರೆ ಅದು ಫಿಲ್ಟರಿನಿಂದ ಪಿಕ್ಸೆಲ್ಲಾದ ಶೀರ್ಷಿಕೆ ಇರಬಹುದು.

ಹೆಸರಿನ ಪಟ್ಟಿ ಇರುವ ಭಾಗವನ್ನಷ್ಟೇ ಎ4 ಹಾಳೆಯ ಮೇಲೆ ಸಾದಾ ಲೇಸರ್‌ನಲ್ಲಿ ಒಮ್ಮೆ ತೆಗೆದು ನೋಡಿ. ಪ್ರಿಂಟ್ ಕಿಟಕಿಯಲ್ಲಿ `Actual size` ಇರಲಿ. `Fit` ಇದ್ದರೆ ಎ3 ಪೂರ್ತಿ ಎ4ಗೆ ಕುಗ್ಗಿ ಎಲ್ಲವೂ ಚೂಪಾಗಿ ಕಾಣುತ್ತದೆ, ಪರೀಕ್ಷೆಯೇ ಸುಳ್ಳಾಗುತ್ತದೆ. ಆ ಹಾಳೆಯನ್ನು ಟೈಪ್ ಮಾಡಿದವರಲ್ಲದ ಇನ್ನೊಬ್ಬರ ಕೈಗೆ ಕೊಟ್ಟು ಓದಿಸಿ. ಕೊನೆಗೆ ಪ್ರೆಸ್ಸಿಗೆ ಕಳಿಸುವಾಗ ಪಿಡಿಎಫ್ ಜೊತೆ ‘ಕತ್ತರಿಸಿದ ಅಳತೆ 297×420, ಬ್ಲೀಡ್ 3 ಮಿ.ಮೀ, ಹಿಗ್ಗಿಸುವುದು ಕುಗ್ಗಿಸುವುದು ಬೇಡ’ ಎಂದು ಒಂದು ಸಾಲು ಬರೆದಿರಿ, ಫೈಲನ್ನು ವಾಟ್ಸಾಪಿನಲ್ಲೇ ಕಳಿಸುವುದಾದರೂ `Document` ಎಂದೇ ಕಳಿಸಿ.